ಹತ್ತೊಂಬತ್ತು ಸೆಕೆಂಡಿನ ಬಂಗಾರ

ಟೈಟಲಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಆದರೆ ಅದು ಈಗ ಉಳಿದಿರುವುದು ಕರೆಂಟ್ ಬಿಲ್ಲಿನಲ್ಲಿ ಮಾತ್ರ. ಮದುವೆ ವೀಡಿಯೋಗಳ ಶುರುವಿನಲ್ಲಿ ಬರುವ ಹೆಸರಿನ ಆಟಕ್ಕೆ ಟೈಟಲ್ ಎನ್ನುತ್ತಾರಲ್ಲ, ಅದರಲ್ಲಿ ಅವನದು ಎತ್ತಿದ ಕೈ. ಹಾಗಾಗಿ ಬೀದಿಯವರು ಟೈಟಲಣ್ಣ ಎಂದರು, ಕೊನೆಗೆ ಹೆಂಡತಿಯೂ ಸಿಟ್ಟು ಬಂದಾಗ ಅದೇ ಹೆಸರು ಹಿಡಿದು ಕರೆಯತೊಡಗಿದಳು.

ಮೊದಲು ಅವನು ಅಂಗಡಿ ಶಟರುಗಳ ಮೇಲೆ ಬೋರ್ಡು ಬರೆಯುತ್ತಿದ್ದ. ಆ ಕಾಲದಲ್ಲೇ ಅವನ ಗುಣ ಗೊತ್ತಾಗಿತ್ತು. ‘ಹಾಲು’ ಎಂದು ಎರಡಕ್ಷರ ಬರೆದುಕೊಡು ಎಂದರೆ ಅಕ್ಷರಕ್ಕೆ ಕೆಂಪು ನೆರಳು, ನೆರಳಿಗೆ ಹಳದಿ ಅಂಚು, ಅಂಚಿಗೆ ಮಿನುಗುವ ನಕ್ಷತ್ರ. ಹಾಲು ಕೊಳ್ಳಲು ಬಂದವರು ಇದು ಆಭರಣದ ಅಂಗಡಿ ಎಂದುಕೊಂಡು ಹಿಂತಿರುಗಿ ಹೋದದ್ದೂ ಉಂಟು. ಆಮೇಲೆ ಪ್ಲಾಸ್ಟಿಕ್ ಬೋರ್ಡು ಬಂತು, ಬ್ರಷ್ಷಿಗೆ ಕೆಲಸ ಹೋಯಿತು, ಇವನು ಕ್ಯಾಮೆರಾ ಹಿಡಿದ. ಕಂಪ್ಯೂಟರಿನಲ್ಲಿ ಅಕ್ಷರ ಹಾರಿಸುವುದನ್ನು ಕಲಿತ. ಗಂಡಿನ ಹೆಸರು ಎಡದಿಂದ, ಹೆಣ್ಣಿನ ಹೆಸರು ಬಲದಿಂದ ಹಾರಿಬಂದು ನಡುವೆ ಢಿಕ್ಕಿ ಹೊಡೆದು ಹೂವಾಗಿ ಉದುರುವುದು ಅವನದೇ ಕಲ್ಪನೆ. ಆ ಹೂವು ಉದುರಿ ಮುಗಿಯಲು ಒಂದೂವರೆ ನಿಮಿಷ. ಮದುವೆ ಮನೆಯವರಿಗೆ ಅದೇ ಬೇಕು. ಅವರಿಗೆ ಅವಸರವೇನು? ತಮ್ಮ ಹೆಸರು ತಾವೇ ಎಷ್ಟು ಹೊತ್ತು ನೋಡಿದರೂ ಯಾರಿಗೂ ಬೇಜಾರಾಗುವುದಿಲ್ಲ.

ಅವನಿಗೊಬ್ಬಳು ಅಕ್ಕ. ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸಾಗಿದ್ದವಳು. ಊರಿಗೆಲ್ಲ ಸಿಸ್ಟರಕ್ಕ. ನಿವೃತ್ತಳಾದ ಮೇಲೂ ಅವಳ ಫೋನು ಸುಮ್ಮನಿರಲಿಲ್ಲ. ಮಗುವಿಗೆ ಜ್ವರ ಎಂದು ಒಬ್ಬರು, ಮಗು ಬಟನ್ ನುಂಗಿತು ಎಂದು ಇನ್ನೊಬ್ಬರು. ಒಂದೇ ಮಾತನ್ನು ನೂರು ಸಲ ಹೇಳಿ ಹೇಳಿ ಸಾಕಾಗಿ, ವೀಡಿಯೋ ಚಾನೆಲ್ ಮಾಡುತ್ತೇನೆ ಎಂದಳು. ಮೇಜಿನ ಮೇಲೊಂದು ರಬ್ಬರ್ ಗೊಂಬೆ, ಕಾಲರಿಗೆ ಸಣ್ಣ ಮೈಕು, ಅವಳ ಮೆಲುದನಿ. ವಾರ್ಡಿನಲ್ಲಿ ಮಲಗಿದ ಮಕ್ಕಳು ಎದ್ದುಬಿಡಬಾರದು ಎಂದು ಮೂವತ್ತೊಂದು ವರ್ಷ ಮೆಲ್ಲಗೆ ಮಾತಾಡಿದವಳ ದನಿ ಅದು.

“ಶುರುವಿಗೆ ಏನಾದ್ರೂ ಸಣ್ಣದು ಹಾಕಿಕೊಡೋ, ಚಾನೆಲ್ ಹೆಸರು ಗೊತ್ತಾಗೋ ಹಾಗೆ,” ಎಂದಿದ್ದಳು ತಮ್ಮನಿಗೆ. ಸಣ್ಣದು ಎಂಬ ಪದವನ್ನು ಅವಳು ಹೇಳಿದ್ದು ನಿಜ. ಟೈಟಲಣ್ಣನ ಕಿವಿಗೆ ಅದು ಬಿದ್ದದ್ದೂ ನಿಜ. ಕಿವಿಯಿಂದ ಒಳಕ್ಕೆ ಮಾತ್ರ ಇಳಿಯಲಿಲ್ಲ.

ಹದಿನೈದು ದಿನ ಕೂತು ಮಾಡಿದ. ಮೊದಲು ಕಪ್ಪು ಪರದೆ, ಅದರಲ್ಲೊಂದು ಕಿಡಿ. ಕಿಡಿಯಿಂದ ಬಂಗಾರದ ಪುಡಿ ಹಾರಿ ಹೃದಯವಾಗುತ್ತದೆ. ಹೃದಯದ ಸುತ್ತ ಸ್ಟೆತಾಸ್ಕೋಪು ಹಾವಿನ ಹಾಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಹೃದಯ ಢಮ್ಮೆಂದು ಸಿಡಿಯುತ್ತದೆ, ಸಿಡಿದ ಚೂರುಗಳೇ ಅಕ್ಷರಗಳಾಗಿ ಚಾನೆಲ್ಲಿನ ಹೆಸರು ಗಿರಗಿರನೆ ತಿರುಗಿ ನಿಲ್ಲುತ್ತದೆ. ಕೊನೆಯ ನಾಲ್ಕು ಸೆಕೆಂಡು, ಮದುವೆ ವೀಡಿಯೋಗಳಲ್ಲಿ ಹಾಕಿ ಹಾಕಿ ಕೈಗೆ ಅಂಟಿದ ಅಭ್ಯಾಸ, ತನ್ನ ಸ್ಟುಡಿಯೋದ ಹೆಸರು ಮತ್ತು ಫೋನ್ ನಂಬರು. ಹತ್ತಂಕಿಯೂ ದಪ್ಪಕ್ಕೆ, ಬೆಳ್ಳಗೆ. ಒಟ್ಟು ಮೂವತ್ತು ಸೆಕೆಂಡು. ಅಕ್ಕ ಕಂಗಾಲಾದಳು. ಚೌಕಾಸಿ ನಡೆದು ಹತ್ತೊಂಬತ್ತಕ್ಕೆ ಇಳಿಯಿತು. ಇಳಿಸುವಾಗ ಅವನ ಮುಖ ನೋಡಬೇಕಿತ್ತು, ಕರುಳು ಕತ್ತರಿಸಿ ಕೊಟ್ಟವನ ಹಾಗಿತ್ತು. ಕಿಡಿಯನ್ನು ಕತ್ತರಿಸಿದ, ಪುಡಿಯನ್ನು ಕತ್ತರಿಸಿದ, ಫೋನ್ ನಂಬರಿಗೆ ಮಾತ್ರ ಕತ್ತರಿ ತಾಗಲಿಲ್ಲ.

“ಆ ಢಮ್ ಅನ್ನೋದು ಸ್ವಲ್ಪ ಜೋರಾಯ್ತೇನೋ,” ಎಂದಳು ಅಕ್ಕ.

“ಎದೆಗೆ ತಾಗಬೇಕು ಅಕ್ಕ. ಗತ್ತು ಬೇಡ್ವಾ?”

ಅವನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಮೂಗಿಗಿಂತ ಮೂಗುತಿ ಭಾರ ಆಯ್ತು ಕಣ್ರೀ,” ಎಂದು ಒಳಗೆ ಹೋದಳು. ಹೆಂಡತಿ ಹೇಳಿದ ಗಾದೆಗೆ ಯಾವ ಗಂಡ ಕಿವಿಗೊಟ್ಟಿದ್ದಾನೆ?

ಚಾನೆಲ್ ನಡೆಯಿತು. ವರ್ಷದೊಳಗೆ ಮೂವತ್ತೊಂದು ವೀಡಿಯೋ. ವಾರ್ಡಿನಲ್ಲಿ ಅವಳ ಕೈಯಲ್ಲಿ ಆಡಿದ ಮಕ್ಕಳೇ ಈಗ ತಾಯಂದಿರು, ಅವರೇ ಒಬ್ಬರಿಂದ ಒಬ್ಬರಿಗೆ ಕಳಿಸಿದರು. ನೆಂಟರೆಲ್ಲ ಟೈಟಲಣ್ಣನ ಬೆನ್ನು ತಟ್ಟಿದರು. “ಏನು ಶುರು ಮಾರಾಯ, ಸಿನಿಮಾ ಇದ್ದ ಹಾಗಿದೆ!” ಅವರಲ್ಲಿ ಒಬ್ಬನಾದರೂ ಶುರು ದಾಟಿ ಮುಂದಿನದನ್ನು ನೋಡಿದ್ದನೋ ಇಲ್ಲವೋ, ಆ ಪ್ರಶ್ನೆ ಇವನಿಗೆ ಹೊಳೆಯಲೇ ಇಲ್ಲ. ಅಕ್ಕ ಮಾತ್ರ ಅದರ ಬಗ್ಗೆ ಒಳ್ಳೆಯದೂ ಅನ್ನಲಿಲ್ಲ, ಬಾಯಿಬಿಟ್ಟು ಕೆಟ್ಟದೂ ಅನ್ನಲಿಲ್ಲ.

ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಟೈಟಲಣ್ಣ ಸ್ಟುಡಿಯೋದಲ್ಲಿ ಆಲ್ಬಮ್ಮಿನ ಹಾಳೆ ಜೋಡಿಸುತ್ತ ಕೂತಿದ್ದ. ಫೋನ್ ಬಂತು. ಯಾವುದೋ ಲ್ಯಾಂಡ್‌ಲೈನು. ಎತ್ತಿದರೆ ಹೆಂಗಸಿನ ದನಿ. ಹಲೋ ಇಲ್ಲ, ಯಾರು ಎಂದಿಲ್ಲ. ಅವನ ನಂಬರನ್ನೇ ಅವನಿಗೆ ಒಪ್ಪಿಸಿದಳು, ಹತ್ತಂಕಿ, ಬಾಯಿಪಾಠದ ಹಾಗೆ.

“...ಎರಡು ಏಳು ಏಳು ಎರಡು. ಇದೇ ತಾನೆ? ಇದು ನಿಜವಾಗ್ಲೂ ನಂಬರಾ?”

“ಹೌದಮ್ಮ, ಸ್ಟುಡಿಯೋ. ಫೋಟೋನಾ, ವೀಡಿಯೋನಾ?”

“ನಾನು ದೊಡ್ಡಾಸ್ಪತ್ರೇಲಿದ್ದೀನಿ. ಮಗೂನ ಒಳಗೆ ಕರ್ಕೊಂಡು ಹೋದ್ರು. ಫೋನು ಮನೇಲೇ ಬಿದ್ದೋಯ್ತು. ನಮ್ಮನೆಯವರಿಗೆ ಹೇಳ್ಬೇಕು. ಅವರ ನಂಬರ್ ನೆನಪಿಗೆ ಬರ್ತಿಲ್ಲ. ನಮ್ಮಮ್ಮನ ನಂಬರೂ ಬರ್ತಿಲ್ಲ. ಎಷ್ಟು ಸಲ ಡಯಲ್ ಮಾಡಕ್ಕೆ ಹೋದ್ರೂ ಕೈ ನಿಮ್ಮ ನಂಬರನ್ನೇ ಒತ್ತುತ್ತೆ.”

“ನನ್ನ ನಂಬರ್ ನಿಮಗೆ ಹೇಗೆ ಗೊತ್ತು?”

ಆ ಕಡೆ ಉಸಿರೆಳೆದುಕೊಂಡ ಸದ್ದು. “ಮಗು ಗಂಟಲಿಗೆ ಸೇಬಿನ ಚೂರು ಸಿಕ್ಕೊಂಡಿತ್ತು. ಅಳೋಕೂ ಆಗ್ತಿಲ್ಲ, ಕೆಮ್ಮೋಕೂ ಆಗ್ತಿಲ್ಲ. ಸಿಸ್ಟರಕ್ಕನ ವೀಡಿಯೋ ಇದೆಯಲ್ಲ, ಅದನ್ನ ಹಾಕಿದೆ. ಸಿಸ್ಟರಕ್ಕ ಬರ್ತಾನೇ ಇಲ್ಲ. ಏನೋ ತಿರುಗ್ತಾ ಇದೆ, ತಿರುಗ್ತಾ ಇದೆ. ಮಗು ತುಟಿ ನೀಲಿ ಆಗ್ತಾ ಇದೆ. ಆಮೇಲೆ ಈ ನಂಬರ್ ಬಂದು ನಿಂತ್ಕೊಳ್ತು. ಹೋಗ್ತಾನೇ ಇಲ್ಲ. ನಾನು ಅದನ್ನೇ ನೋಡ್ತಾ ನಿಂತಿದ್ದೆ ಸಾರ್. ಅದನ್ನೇ ನೋಡ್ತಾ...”

ಅವಳು ಗಂಡನ ಹೆಸರು, ಕೆಲಸ ಮಾಡುವ ಜಾಗ ಹೇಳಿದಳು. ಬಸ್ ಡಿಪೋ, ಹಿಂದುಗಡೆಯ ವರ್ಕ್‌ಶಾಪು, ಟೈರು ವಿಭಾಗ. ಹೋಗಿ ಹೇಳ್ತೀರಾ ಎಂದಳು. ಹೂಂ ಎಂದನೋ ಇಲ್ಲವೋ ಅವನಿಗೇ ಗೊತ್ತಿಲ್ಲ. “ಮಗು ಹೇಗಿದೆ?” ಎಂದು ಕೊನೆಗೆ ಕೇಳುವಷ್ಟರಲ್ಲಿ ಯಾರೋ ಅವಳನ್ನು ಕರೆದ ಸದ್ದಾಗಿ ಫೋನ್ ಕಟ್ಟಾಯಿತು.

ಗರ ಬಡಿದವನ ಹಾಗೆ ಕೂತುಬಿಟ್ಟ. ಎದುರಿನ ಗೋಡೆಯ ಮೇಲೆ ಅದೇ ಹತ್ತಂಕಿ, ಅವನೇ ಬರೆದದ್ದು, ಕೆಂಪು ನೆರಳಿನ ಜೊತೆ. ತಿರುಗಿ ಆ ಲ್ಯಾಂಡ್‌ಲೈನಿಗೆ ಮಾಡಿದ. ಯಾರೋ ಎತ್ತಿ, “ಮಕ್ಕಳ ವಾರ್ಡ್ ಕೌಂಟರ್. ಇಲ್ಲಿ ದಿನಾ ನೂರು ಜನ ಫೋನ್ ಮಾಡ್ತಾರೆ, ಯಾರು ಅಂತ ಹೇಳಲಿ?” ಎಂದು ಇಟ್ಟರು.

ಸ್ಕೂಟರಿನಲ್ಲಿ ಡಿಪೋಗೆ ಹೇಗೆ ಹೋದ ಎಂದು ಕೇಳಿದರೆ ಇವತ್ತಿಗೂ ಹೇಳಲಾರ. ಹೆಲ್ಮೆಟ್ಟು ಸ್ಟುಡಿಯೋದಲ್ಲೇ ಇತ್ತು, ಆಲ್ಬಮ್ಮಿನ ಅಂಟು ಬೆರಳಿಗೆ ಮೆತ್ತಿಕೊಂಡೇ ಇತ್ತು. ಟೈರುಗಳ ರಾಶಿಯ ನಡುವೆ, ಗಾಳಿ ತುಂಬುವ ಯಂತ್ರದ ಗದ್ದಲದಲ್ಲಿ, ಆ ಗಂಡನನ್ನು ಹುಡುಕಿದ. ಮೂವತ್ತರ ಆಸುಪಾಸಿನವನು, ಮೊಣಕೈವರೆಗೂ ಕಪ್ಪು ಮಸಿ. ವಿಷಯ ಕೇಳಿ ಅವನ ಕೈಯಿಂದ ಸ್ಪ್ಯಾನರು ಜಾರಿ ಕಾಲ ಬಳಿ ಬಿತ್ತು. ಸ್ಕೂಟರಿನ ಹಿಂದೆ ಕೂತ ಮೇಲೆ ಅವನು ಕೇಳಿದ್ದು ಒಂದೇ ಮಾತು.

“ಮಗು ಇದೆ ತಾನೆ ಸಾರ್?”

ಟೈಟಲಣ್ಣ ಸ್ಕೂಟರಿನ ವೇಗ ಹೆಚ್ಚಿಸಿದ. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಅಲ್ಲಿ ಸೆಕೆಂಡುಗಳನ್ನು ಇಳಿಕೆಯಲ್ಲಿ ಎಣಿಸುವ ಫಲಕ. ಹತ್ತೊಂಬತ್ತು, ಹದಿನೆಂಟು, ಹದಿನೇಳು. ಜೀವಮಾನದಲ್ಲಿ ಮೊದಲ ಸಲ ಟೈಟಲಣ್ಣ ಹತ್ತೊಂಬತ್ತು ಸೆಕೆಂಡು ಎಂದರೆ ಎಷ್ಟು ಎಂದು ನೋಡಿದ. ಅಷ್ಟರಲ್ಲಿ ಮುದುಕಿಯೊಬ್ಬಳು ಕೋಲೂರಿಕೊಂಡು ರಸ್ತೆಯ ಆಚೆ ಬದಿ ತಲುಪಿ, ಸೆರಗು ಸರಿಮಾಡಿಕೊಂಡು, ಹಿಂತಿರುಗಿ ಕೂಡ ನೋಡಿದಳು. ದೇವರೇ, ಎಷ್ಟೊಂದು ಹೊತ್ತು ಅದು.

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಅವಳು ಕೂತಿದ್ದಳು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು. ಗಂಡನನ್ನು ಕಂಡದ್ದೇ ಎದ್ದಳು. “ಉಸಿರಾಡ್ತಿದೆ ಕಣ್ರೀ. ಉಸಿರಾಡ್ತಿದೆ. ಚೂರು ಬಿತ್ತು. ಒಳಗೆ ಏನಾದ್ರೂ ಉಳ್ಕೊಂಡಿದ್ಯಾ ಅಂತ ನೋಡ್ತಿದ್ದಾರೆ.” ಗಂಡ ಗೋಡೆಗೆ ಒರಗಿ ಹಾಗೇ ಕೆಳಗೆ ಕೂತ.

ಟೈಟಲಣ್ಣನಿಗೆ ಹೋದ ಜೀವ ಬಂದಂತಾಯಿತು, ಆದರೆ ಪೂರ್ತಿ ಬರಲಿಲ್ಲ. ಅವನು ಆಗಲೇ ಹೊರಟುಬಿಡಬಹುದಿತ್ತು. ಸುದ್ದಿ ಮುಟ್ಟಿಸಿದ ಪುಣ್ಯಾತ್ಮ ಎಂದು ಹೆಸರೂ ಬರುತ್ತಿತ್ತು. ಹೊರಡಲು ತಿರುಗಿದ್ದೂ ಹೌದು. ಅವಳೇ ಕರೆದಳು.

“ಅಣ್ಣಾ, ಆ ಜಾಹೀರಾತು ಹಾಕಿಸಿದ್ದೋರು ನೀವೇನಾ?”

“ಜಾಹೀರಾತಲ್ಲಮ್ಮ.” ಟೈಟಲಣ್ಣ ತಿರುಗಿ ನಿಂತ. “ಆ ತಿರುಗೋದು, ಸಿಡಿಯೋದು, ಎಲ್ಲಾ ಮಾಡಿದ್ದು ನಾನೇ. ಸಿಸ್ಟರಕ್ಕ ನಮ್ಮಕ್ಕ.”

ಬೈಯುತ್ತಾಳೆ ಎಂದುಕೊಂಡ. ಬೈದಿದ್ದರೆ ಚೆನ್ನಾಗಿತ್ತು. ಅವಳು ಅವನನ್ನೇ ನೋಡಿದಳು, ಆಮೇಲೆ ನಡೆದದ್ದನ್ನು ಮೊದಲಿಂದ ಹೇಳತೊಡಗಿದಳು. ಹೇಳಿ ಮುಗಿಸದೆ ಅವಳಿಗೂ ಸಮಾಧಾನ ಇರಲಿಲ್ಲ.

“ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಫೋನು. ಮುಂದಕ್ಕೆ ಓಡಿಸೋಣ ಅಂತ ಮುಟ್ಟಿದ್ರೆ ನಿಂತೇ ಹೋಯ್ತು. ಮತ್ತೆ ಮುಟ್ಟಿದೆ, ನಡೀತು. ಆಮೇಲೆ ಮುಟ್ಟೋಕೇ ಭಯ. ಅಷ್ಟರಲ್ಲಿ ಢಮ್ ಅಂತು. ಏನು ಬಿತ್ತೋ ಅಂತ ಬೆಚ್ಚಿಬಿದ್ದೆ. ಮಗೂನೂ ಬೆಚ್ಚಿತು, ಸದ್ದಿಲ್ದೆ. ಸೌಂಡ್ ಕಮ್ಮಿ ಮಾಡ್ಬಿಟ್ಟೆ. ಆಮೇಲೆ ಸಿಸ್ಟರಕ್ಕ ಬಂದ್ರು, ಬಾಯಿ ಆಡ್ತಿದೆ, ಮಾತೇ ಕೇಳಲ್ಲ. ಅವರು ಮೊದ್ಲೇ ಮೆಲ್ಲಗೆ ಮಾತಾಡೋದು. ಸೌಂಡ್ ಜಾಸ್ತಿ ಮಾಡೋಕೆ ಇನ್ನೊಂದು ಕೈ ಎಲ್ಲಿಂದ ತರ್ಲಿ?”

“ಮತ್ತೆ ಹೇಗಮ್ಮ...?”

“ಅವರ ಕೈ ಕಾಣ್ತಿತ್ತಲ್ಲ.” ಅವಳು ತನ್ನ ಎಡ ಮುಂಗೈಯನ್ನು ಚಾಚಿ ಅದನ್ನೇ ನೋಡಿದಳು. “ಗೊಂಬೇನ ಹೀಗೆ ಬೋರಲು ಹಾಕಿದ್ರು, ತಲೆ ಕೆಳಗಿರೋ ಹಾಗೆ, ಗಲ್ಲ ಹಿಡ್ಕೊಂಡು. ಅಂಗೈ ಬುಡದಲ್ಲಿ ಬೆನ್ನಿಗೆ, ರೆಕ್ಕೆ ಮೂಳೆ ನಡುವೆ ಹೊಡೆದ್ರು. ಅವರ ಕೈ ಏನು ಮಾಡ್ತೋ ನನ್ನ ಕೈ ಅದನ್ನೇ ಮಾಡ್ತು. ನಾಲ್ಕನೇ ಏಟಿಗೆ ಚೂರು ಹೊರಗೆ ಬಿತ್ತು. ಅತ್ತಿತು. ಆ ಅಳು ಕೇಳಿದ ಮೇಲೆ ನನಗೆ ಇನ್ನೇನೂ ನೆನಪಿಲ್ಲ. ನಂಬರ್ ಒಂದು ಬಿಟ್ಟು.”

ಟೈಟಲಣ್ಣ ಅಲ್ಲಿಂದ ಹೇಗೆ ಹೊರಬಿದ್ದನೋ. ಡಾಕ್ಟರು ಹೊರಗೆ ಬಂದು, ಒಳಗೆ ಏನೂ ಉಳಿದಿಲ್ಲ, ಸಂಜೆವರೆಗೆ ಇರಲಿ, ಆಮೇಲೆ ಕರೆದುಕೊಂಡು ಹೋಗಿ ಎಂದದ್ದನ್ನು ಕಿವಿಯಾರೆ ಕೇಳಿಸಿಕೊಂಡೇ ಕದಲಿದ. ಮೆಟ್ಟಿಲಿಳಿಯುವಾಗ ಇನ್ನೊಂದು ಮಾತು ತಲೆಗೆ ಬಡಿಯಿತು. ಈ ಮಗು ಉಳಿಯಿತು. ಆದರೆ ವೀಡಿಯೋ ಈಗಲೂ ಅಲ್ಲೇ ಇದೆ. ಈ ಗಳಿಗೆಯಲ್ಲಿ ಯಾವ ಮನೆಯಲ್ಲಿ ಯಾರು ಅದನ್ನು ತೆರೆದಿದ್ದಾರೋ, ಯಾರ ಮುಂದೆ ತನ್ನ ಬಂಗಾರದ ಹೃದಯ ಗಿರಗಿರನೆ ತಿರುಗುತ್ತಿದೆಯೋ. ಕಾಲು ತಾನಾಗಿ ಓಡತೊಡಗಿತು.

ಅಕ್ಕ ಮನೆಯಲ್ಲಿ ಗೊಂಬೆಗೆ ಬಟ್ಟೆ ಹೊಲಿಯುತ್ತ ಕೂತಿದ್ದಳು. ಇವನು ನಿಂತ ಕಾಲಲ್ಲೇ ಎಲ್ಲ ಹೇಳಿದ. ಸೂಜಿ ಬಟ್ಟೆಯಲ್ಲೇ ನಿಂತಿತು. ಮೂವತ್ತೊಂದು ವರ್ಷ ಮಕ್ಕಳ ವಾರ್ಡಿನಲ್ಲಿ ಏನೇನೋ ಕಂಡು ಕದಲದ ಹೆಂಗಸಿನ ಮುಖ ಬಿಳುಚಿಹೋಯಿತು.

“ತುಟಿ ನೀಲಿ ಆಗಿತ್ತಾ?”

“ಆಗಿತ್ತಂತೆ.”

“ಆಮೇಲೆ ಅತ್ತಿತಾ? ಜೋರಾಗಿ?”

“ಹೂಂ.”

ಅವಳು ಎದ್ದು ಹೋಗಿ ಲ್ಯಾಪ್‌ಟಾಪ್ ತಂದು ಅವನ ಮುಂದಿಟ್ಟಳು. ಚಾನೆಲ್ಲಿನ ಒಳಪುಟ ತೆರೆದಳು. ನೋಡುಗರು ಯಾವ ಸೆಕೆಂಡಿನಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂದು ತೋರಿಸುವ ಗೆರೆ ಇರುತ್ತದಲ್ಲ, ಅದು. ಟೈಟಲಣ್ಣ ಅದನ್ನು ಎಂದೂ ನೋಡಿದವನಲ್ಲ. ಮದುವೆ ವೀಡಿಯೋಗೆ ಅಂಥ ಗೆರೆ ಇರುವುದಿಲ್ಲ. ಗೆರೆ ಎಡಗಡೆ ನೂರರಲ್ಲಿ ಶುರುವಾಗಿ, ಬಾವಿಯ ಅಂಚಿನಿಂದ ಬಿದ್ದ ಹಾಗೆ ಕೆಳಕ್ಕೆ ಬಿದ್ದು, ಹತ್ತೊಂಬತ್ತನೇ ಸೆಕೆಂಡಿನ ಹೊತ್ತಿಗೆ ಮೂವತ್ತೆಂಟಕ್ಕೆ ಬಂದು ಅಲ್ಲಿಂದ ಸಮನಾಗಿ ಸಾಗಿತ್ತು. ಬೇರೆ ವೀಡಿಯೋ ತೆರೆದಳು. ಅಲ್ಲೂ ಅದೇ ಬಾವಿ. ಇನ್ನೊಂದು. ಅದೇ.

“ನೂರು ಜನ ಬರ್ತಾರೆ. ನಾನು ಬಾಯಿ ತೆಗೆಯೋ ಮೊದಲೇ ಅರವತ್ತೆರಡು ಜನ ಎದ್ದು ಹೋಗಿರ್ತಾರೆ,” ಎಂದಳು ಅಕ್ಕ.

“ನಿನಗೆ ಯಾವಾಗಿಂದ ಗೊತ್ತು?”

“ಎರಡನೇ ತಿಂಗಳಿಂದ.”

“ಹೇಳಬಾರದಿತ್ತಾ!”

“ಮೂರು ಸಲ ಹೇಳಿದೆ ಕಣೋ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳಿದೆ. ಉದ್ದ ಆಯ್ತೇನೋ ಅಂದೆ, ಜೋರಾಯ್ತೇನೋ ಅಂದೆ. ನೀನು ಹದಿನೈದು ದಿನ ಕೂತು ನನಗೋಸ್ಕರ ಮಾಡಿದ್ದು. ನಿನ್ನ ಮನಸ್ಸಿಗೆ ನೋವಾಗುತ್ತೆ ಅಂತ...” ಅವಳ ದನಿ ಒಡೆಯಿತು. “ಯಾರೋ ಅರ್ಧಕ್ಕೆ ಹೋದ್ರೆ ಹೋಗ್ಲಿ ಅಂದ್ಕೊಂಡೆ. ಹೋಗೋಕಾಗದೆ ನಿಂತಿರೋರು ಇರ್ತಾರೆ ಅಂತ ನನಗೆ ಹೊಳೀಲಿಲ್ಲವಲ್ಲೋ. ನನಗೆ! ವಾರ್ಡಿನಲ್ಲಿ ಇದ್ದವಳಿಗೆ!”

ಅಕ್ಕ ತಮ್ಮ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಾರದೆ ಕೂತರು. ಪ್ರೀತಿಯಿಂದ ಮಾಡಿದ್ದು ಒಬ್ಬನ ತಪ್ಪು, ಪ್ರೀತಿಯಿಂದ ನುಂಗಿಕೊಂಡದ್ದು ಇನ್ನೊಬ್ಬಳ ತಪ್ಪು. ಇಂಥ ತಪ್ಪಿಗೆ ಬೈಯಲು ಬಾಯಿ ಬರುವುದಿಲ್ಲ, ಅದಕ್ಕೇ ಅದು ವರ್ಷಗಟ್ಟಲೆ ಬದುಕುತ್ತದೆ.

ಟೈಟಲಣ್ಣ ತನ್ನದನ್ನು ತಾನೇ ಹಾಕಿ ನೋಡಿದ. ಮೊದಲು ಉಸಿರನ್ನು ಪೂರ್ತಿ ಹೊರಗೆ ಬಿಟ್ಟ, ಮೂಗು ಹಿಡಿದ, ಬಾಯಿ ಮುಚ್ಚಿದ, ಆಮೇಲೆ ಒತ್ತಿದ. ಹೃದಯ ಕಟ್ಟಿತು. ಸ್ಟೆತಾಸ್ಕೋಪು ಸುತ್ತಿತು. ಇಷ್ಟು ನಿಧಾನಕ್ಕಾ ಸುತ್ತುವುದು? ಢಮ್ಮೆಂದಿತು, ಅಕ್ಕ ಕೂತಲ್ಲೇ ಬೆಚ್ಚಿದಳು. ಅಕ್ಷರ ತಿರುಗಿತು. ಎದೆ ಹಿಂಡತೊಡಗಿತು, ಕಿವಿ ಗುಂಯ್‌ಗುಟ್ಟಿತು. ಆಗ ಬಂತು ನಂಬರು. ಬೆಳ್ಳಗೆ, ದಪ್ಪಕ್ಕೆ, ನಾಚಿಕೆಯಿಲ್ಲದೆ ನಿಂತಿತು. ಒಂದು, ಎರಡು, ಮೂರು. ನಾಲ್ಕು ಎಣಿಸುವ ಮೊದಲೇ ಅವನು ಬಾಯಿ ತೆರೆದು ಗಾಳಿ ಎಳೆದುಕೊಂಡ. ಐವತ್ತು ದಾಟಿದ ಗಂಡಸು, ತನ್ನಿಷ್ಟದಿಂದ ಹಿಡಿದ ಉಸಿರು, ಯಾವಾಗ ಬೇಕಾದರೂ ಬಿಡಬಹುದಾದದ್ದು. ಒಂಬತ್ತು ತಿಂಗಳ ಮಗುವಿಗೆ ಆ ಅನುಕೂಲ ಇರಲಿಲ್ಲ.

“ತೆಗೆದುಬಿಡೋಣ ಅಕ್ಕ, ಎಲ್ಲಾ ತೆಗೆದುಬಿಡೋಣ. ಚಾನೆಲ್ಲೇ ಬೇಡ.”

“ಆ ತಾಯಿ ನನ್ನ ಕೈ ನೋಡಿ ಮಾಡಿದ್ದು ಅಂದ್ಯಲ್ಲ. ತೆಗೆದ್ರೆ ನಾಳೆ ಇನ್ನೊಬ್ಬಳು ಏನು ನೋಡ್ತಾಳೆ?” ಅಕ್ಕ ಕಣ್ಣೊರೆಸಿಕೊಂಡಳು. ವಾರ್ಡಿನ ದನಿ ವಾಪಸು ಬಂದಿತ್ತು. “ಮೊದಲು ಗಂಟಲಿಂದು. ಕತ್ತರಿಸು.”

ಹಾಕಿದ ವೀಡಿಯೋವನ್ನು ಅಳಿಸದೆ, ಸೈಟಿನ ಒಳಗೇ ಶುರುವನ್ನು ಕತ್ತರಿಸುವ ಸೌಲಭ್ಯವಿದೆ. ಹಾಗೆ ಮಾಡಿದರೆ ಜನ ಒಬ್ಬರಿಗೊಬ್ಬರು ಕಳಿಸಿಕೊಂಡ ಲಿಂಕೂ ಕೆಡುವುದಿಲ್ಲ. ಟೈಟಲಣ್ಣ ಗೆರೆ ಎಳೆದು ಹತ್ತೊಂಬತ್ತನೇ ಸೆಕೆಂಡಿಗೆ ತಂದು, ಕತ್ತರಿಸಿ, ಉಳಿಸು ಎಂದು ಒತ್ತಿದ. ಬದಲಾವಣೆ ಆಗುತ್ತಿದೆ, ಅಲ್ಲಿಯವರೆಗೆ ಹಳೆಯದೇ ಕಾಣುತ್ತದೆ ಎಂಬ ಸೂಚನೆ ಬಂತು. ಅಂದರೆ ಇನ್ನೂ ಅದೇ ಓಡುತ್ತಿದೆ! ಪಕ್ಕದಲ್ಲೇ ಅಂಕಿ ಇತ್ತು, ಈ ಗಂಟೆಯಲ್ಲಿ ನೋಡಿದವರು ಆರು ಜನ. ಸ್ವಲ್ಪ ಹೊತ್ತಿಗೆ ಏಳು. ಯಾರು ಆ ಏಳನೆಯವರು? ಸುಮ್ಮನೆ ಕಲಿಯಲು ನೋಡಿದವರೋ, ಇಲ್ಲಾ ಕೈಯಲ್ಲಿ ಮಗು ಹಿಡಿದವರೋ? ಅವನು ಮತ್ತೆ ಮತ್ತೆ ಪುಟ ತೆರೆದ. ಅಕ್ಕ ಎರಡು ಸಲ ನೀರು ಕೊಟ್ಟಳು, ಲೋಟ ಹಾಗೇ ಇತ್ತು. ಎರಡೂವರೆ ಗಂಟೆಯ ಮೇಲೆ, ಒತ್ತಿದ ಕೂಡಲೇ ಕಪ್ಪು ಪರದೆ ಬರಲಿಲ್ಲ. ಅಕ್ಕನ ಎರಡು ಕೈ ಬಂದವು. ಟೈಟಲಣ್ಣ ಟೇಬಲ್ಲಿನ ಮೇಲೆ ತಲೆಯಿಟ್ಟು ಮಗುವಿನ ಹಾಗೆ ಅತ್ತ.

ಉಳಿದ ಮೂವತ್ತಕ್ಕೂ ಆ ವಾರ ಕತ್ತರಿ ಬಿತ್ತು. ಆಮೇಲೆ ಇಬ್ಬರೂ ಕೂತು ಹೊಸದಾಗಿ ಯೋಚಿಸಿದರು. ತುರ್ತಿನ ವೀಡಿಯೋಗಳಿಗೆ ಶುರುವೇ ಬೇಡ, ಮೂಲೆಯಲ್ಲಿ ಸಣ್ಣ ಗುರುತು ಸಾಕು. ಸ್ನಾನ, ನಿದ್ದೆ, ಹಲ್ಲು ಹುಟ್ಟುವುದು, ಇಂಥ ನಿಧಾನದ ವಿಷಯಗಳಿಗೆ ಇರಲಿ, ಆದರೆ ಮೊದಲು ಅಕ್ಕ ಇವತ್ತಿನ ವಿಷಯ ಏನೆಂದು ಒಂದು ಸಾಲು ಹೇಳಬೇಕು, ಆಮೇಲೆ ಗುರುತು. ಎರಡು ಸೆಕೆಂಡು, ಅದಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲ.

ಆ ಎರಡು ಸೆಕೆಂಡು ಮಾಡಲು ಅವನಿಗೆ ಒಂದು ತಿಂಗಳು ಹಿಡಿಯಿತು. ಬೆಳ್ಳನೆಯ ಹಿನ್ನೆಲೆ, ಅದರ ಮೇಲೆ ಒಂದೇ ಗೆರೆಯಲ್ಲಿ ಬರೆದ ಅಂಗೈ, ಅದರ ಕೆಳಗೆ ಚಾನೆಲ್ ಹೆಸರು. ಗೆರೆ ಮೂಡುತ್ತದೆ, ಹೆಸರು ನಿಲ್ಲುತ್ತದೆ, ಮುಗಿಯಿತು. ತಿರುಗುವುದಿಲ್ಲ, ಮಿಂಚುವುದಿಲ್ಲ, ಸಿಡಿಯುವುದಿಲ್ಲ. ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ನೋಡಿ ಒಪ್ಪಲಿಲ್ಲ, ಫೋನಿಗೆ ಹಾಕಿಕೊಂಡು ತೋಳು ಚಾಚಿ ದೂರ ಹಿಡಿದು ನೋಡಿದ, ಹೆಸರು ಓದಲು ಬರುತ್ತದೆಯೇ ಎಂದು. ಸದ್ದಿಗೆ ಗಾಜಿನ ಲೋಟಕ್ಕೆ ಚಮಚ ತಾಗಿಸಿ ಒಂದೇ ಒಂದು ಟಿಂಗ್ ರೆಕಾರ್ಡು ಮಾಡಿದ. ಅದನ್ನೂ ಅಕ್ಕನ ದನಿಯ ಪಕ್ಕ ಇಟ್ಟು, ಸದ್ದಿನ ಅಳತೆಯ ಪಟ್ಟಿ ನೋಡಿ, ಅವಳ ದನಿಗಿಂತ ಕೆಳಗೆ ತಂದ. ಸದ್ದು ಪೂರ್ತಿ ಆರಿಸಿ ನೋಡಿದರೂ ಅರ್ಥವಾಗುವಂತಿತ್ತು. ನಂಬರು ಎಲ್ಲೂ ಇರಲಿಲ್ಲ.

ಹೆಂಡತಿ ನೋಡಿ, “ಇಷ್ಟೇನಾ?” ಎಂದಳು.

“ಇಷ್ಟೇ.”

“ಒಂದು ತಿಂಗಳಿಗೆ?”

“ಕಮ್ಮಿ ಮಾಡೋದಕ್ಕೇ ಹೊತ್ತು ಹಿಡಿಯೋದು ಕಣೇ.” ಅವಳು ಗಂಡನ ಮುಖ ನೋಡಿ, ಬಾಯಿಗೆ ಬಂದಿದ್ದ ಗಾದೆಯನ್ನು ಹಾಗೇ ನುಂಗಿದಳು.

ಈಗಲೂ ಚಾನೆಲ್ ಶುರು ಮಾಡುವವರು ಅವನ ಸ್ಟುಡಿಯೋಗೆ ಬರುತ್ತಾರೆ. ಮೊನ್ನೆ ಕಾರು ರಿಪೇರಿ ಹೇಳಿಕೊಡುವವನೊಬ್ಬ ಬಂದು, ಬೆಂಕಿ ಬರಬೇಕು, ಗುಡುಗಬೇಕು, ಅರ್ಧ ನಿಮಿಷ ಇರಬೇಕು ಎಂದ. ಟೈಟಲಣ್ಣ ಗಡಿಯಾರ ತೋರಿಸಿ, “ಉಸಿರು ಹೊರಗೆ ಬಿಟ್ಟು ಮೂಗು ಹಿಡ್ಕೊಳ್ಳಿ. ನಾನು ಹೇಳೋವರೆಗೂ ಬಿಡಬೇಡಿ,” ಎಂದ. ಅವನು ತಮಾಷೆ ಎಂದು ನಕ್ಕು ಹಿಡಿದುಕೊಂಡ. ಹದಿನಾರನೇ ಸೆಕೆಂಡಿಗೆ ನಗು ಹೋಯಿತು, ಇಪ್ಪತ್ತಕ್ಕೆ ಕೈ ಬಿಟ್ಟ. “ನಿಮ್ಮ ವೀಡಿಯೋ ತೆರೆಯೋನು ಕೆಟ್ಟ ಗಾಡಿ ಪಕ್ಕ ರಸ್ತೇಲಿ ನಿಂತಿರ್ತಾನೆ ಸ್ವಾಮಿ,” ಎಂದ ಟೈಟಲಣ್ಣ. ಬಂದವನು ಮೂರು ಸೆಕೆಂಡಿನ ಟೈಟಲಿಗೆ ಒಪ್ಪಿಕೊಂಡು ಹೋದ.

ಕಳೆದ ವಾರ ಆ ತಾಯಿ ಬಂದಿದ್ದಳು. ಮಗುವಿಗೆ ಪಾಸ್‌ಪೋರ್ಟ್ ಅಳತೆಯ ಫೋಟೋ ಬೇಕಿತ್ತು. ಅದು ಈಗ ನಡೆಯುತ್ತದೆ, ಸ್ಟುಡಿಯೋದ ಛತ್ರಿ ದೀಪವನ್ನು ಎರಡು ಸಲ ಬೀಳಿಸಿತು, ಜೋರಾಗಿ ಕಿರುಚಿತು. ಟೈಟಲಣ್ಣನಿಗೆ ಆ ಕಿರುಚು ಎಷ್ಟು ಕೇಳಿದರೂ ಸಾಲದು. ಫೋಟೋ ತೆಗೆದಾದ ಮೇಲೆ ಅವಳೇ ಫೋನ್ ತೆಗೆದು ಆ ವೀಡಿಯೋ ಹಾಕಿದಳು. ಅವನಿಗೆ ಗೊತ್ತಿಲ್ಲದೆ ಅವನ ಉಸಿರು ನಿಂತಿತು. ಬಿಡುವ ಮೊದಲೇ ಅಕ್ಕನ ಕೈಗಳು ಬಂದವು, ದನಿ ಬಂತು. “ಪಕ್ಕದಲ್ಲಿ ಯಾರಿದ್ದಾರೋ ಅವರಿಗೆ ಆಂಬುಲೆನ್ಸ್‌ಗೆ ಫೋನ್ ಮಾಡೋಕೆ ಹೇಳಿ. ನೀವು ಮಗೂನ ಮುಂಗೈ ಮೇಲೆ ಬೋರಲು ಹಾಕ್ಕೊಳ್ಳಿ...”

ಅವಳು ಫೋನ್ ಆರಿಸಿದಳು. “ಒಳ್ಳೇದು ಮಾಡಿದ್ರಿ ಅಣ್ಣ,” ಎಂದಳು.

“ಇನ್ನು ನನ್ನ ನಂಬರ್ ಯಾರಿಗೂ ಕಾಣಲ್ಲಮ್ಮ.”

“ಹೂಂ.” ಅವಳು ಮಗುವಿನ ಮುಖ ಒರೆಸಿದಳು. “ಅವತ್ತಿಂದ ನಮ್ಮನೆಯವರ ನಂಬರ್ ಬಾಯಿಪಾಠ ಮಾಡ್ಕೊಂಡಿದ್ದೀನಿ. ದಿನಾ ಒಂದ್ಸಲ ಹೇಳ್ಕೋತೀನಿ. ಆದ್ರೂ ಮಗು ಊಟ ಮಾಡ್ತಾ ಸುಮ್ನೆ ಕೆಮ್ಮಿದ್ರೂ ಸಾಕು, ಬಾಯಿಗೆ ಬರೋದು ನಿಮ್ಮದೇ ಅಣ್ಣ. ಎರಡು ಏಳು ಏಳು ಎರಡು.”

ಮಗು ಟೈಟಲಣ್ಣನ ಮೊಣಕಾಲು ಹಿಡಿದುಕೊಂಡು ನಿಂತಿತ್ತು. ಅವಳು ಹೋದ ಮೇಲೆ ಅವನು ಹಳೆಯ ಬ್ರಷ್ಷು ಹುಡುಕಿ ತೆಗೆದು, ಗೋಡೆಯ ಮೇಲಿನ ಹತ್ತಂಕಿಗೂ ಸುಣ್ಣ ಬಳಿದ.